ಇಟಿಎಫ್‌ನ ಅಗ್ಗದ ವೆಚ್ಚ ನಿಮ್ಮ ಕೈಗೆ ಬರುವುದು ಯಾವಾಗ?

ನಿಫ್ಟಿ 50 ಸೂಚ್ಯಂಕದಲ್ಲಿ ಹಣ ಹಾಕಲು ಎರಡು ದಾರಿಗಳಿವೆ. ಇಂಡೆಕ್ಸ್ ಫಂಡ್ ಆದರೆ ಫಂಡ್ ಕಂಪನಿಗೇ ಹಣ ಕೊಟ್ಟು ಆ ದಿನದ ಎನ್‌ಎವಿ ದರದಲ್ಲಿ, ಅಂದರೆ ಒಂದು ಯೂನಿಟ್‌ನೊಳಗಿನ ಷೇರುಗಳ ದಿನದಂತ್ಯದ ಮೌಲ್ಯದಲ್ಲಿ, ಯೂನಿಟ್ ಪಡೆಯುತ್ತೀರಿ. ಇಟಿಎಫ್ ಆದರೆ ಅದೇ ಬಗೆಯ ಯೂನಿಟ್ಟನ್ನು ಷೇರಿನಂತೆ ಮಾರುಕಟ್ಟೆಯಲ್ಲಿ ಇನ್ನೊಬ್ಬರಿಂದ ಕೊಳ್ಳುತ್ತೀರಿ. ಎರಡರ ಹೊಟ್ಟೆಯಲ್ಲೂ ಅದೇ 50 ಷೇರುಗಳು, ಅದೇ ತೂಕದಲ್ಲಿ ಇರುತ್ತವೆ. ಇಟಿಎಫ್‌ನ ವಾರ್ಷಿಕ ವೆಚ್ಚ ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಇಟಿಎಫ್ ಕೊಳ್ಳುವುದೇ ಲಾಭ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಆ ಮಾತು ಫಂಡ್‌ನ ಲೆಕ್ಕದಲ್ಲಿ ನಿಜ. ಹೂಡಿಕೆದಾರನ ಲೆಕ್ಕದಲ್ಲಿ ನಿಜವೋ ಅಲ್ಲವೋ ಎಂಬುದು ಅವನು ಯಾವ ಇಟಿಎಫ್ ಕೊಂಡ, ಯಾವ ಹೊತ್ತಿನಲ್ಲಿ ಕೊಂಡ, ಆರ್ಡರ್ ಹೇಗೆ ಹಾಕಿದ ಎಂಬುದರ ಮೇಲೆ ನಿಂತಿದೆ.

ಮೊದಲು ಟ್ರ್ಯಾಕಿಂಗ್ ಡಿಫರೆನ್ಸ್ ನೋಡೋಣ. ಸೂಚ್ಯಂಕ ವರ್ಷಕ್ಕೆ ಶೇ 12 ಏರಿದಾಗ ಫಂಡ್ ಶೇ 11.75 ಕೊಟ್ಟರೆ ವ್ಯತ್ಯಾಸ ಶೇ 0.25. ಇಲ್ಲಿ ಸೂಚ್ಯಂಕವೆಂದರೆ ಟಿವಿಯಲ್ಲಿ ಓಡುವ ನಿಫ್ಟಿ ಅಲ್ಲ, ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕುವ ಟೋಟಲ್ ರಿಟರ್ನ್ ಸೂಚ್ಯಂಕ. ಟಿವಿಯ ನಿಫ್ಟಿಗೆ ಹೋಲಿಸಿದರೆ ಯಾವ ಫಂಡಾದರೂ ಸೂಚ್ಯಂಕವನ್ನು ಮೀರಿಸಿದಂತೆ ಕಾಣುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಈ ವ್ಯತ್ಯಾಸದ ದೊಡ್ಡ ಪಾಲು ಫಂಡ್‌ನ ವೆಚ್ಚ ಅನುಪಾತದಿಂದ ಬರುತ್ತದೆ. ಉಳಿದದ್ದು ಚೂರುಚೂರಾಗಿ ಸೇರುತ್ತದೆ. ಸೂಚ್ಯಂಕದಲ್ಲಿ ಷೇರುಗಳು ಬದಲಾದಾಗ ಕೊಡು-ಕೊಳ್ಳುವ ಖರ್ಚು ಬೀಳುತ್ತದೆ. ಹಿಂಪಡೆಯುವವರಿಗಾಗಿ ಇಟ್ಟುಕೊಂಡ ನಗದು ಮಾರುಕಟ್ಟೆ ಏರುವಾಗ ಸುಮ್ಮನೆ ಕುಳಿತಿರುತ್ತದೆ. ಡಿವಿಡೆಂಡನ್ನು ಸೂಚ್ಯಂಕ, ಷೇರಿನ ಬೆಲೆಯಿಂದ ಅದು ಕಳೆದುಹೋಗುವ ಎಕ್ಸ್-ಡೇಟ್ ದಿನವೇ ಮರುಹೂಡಿದಂತೆ ಎಣಿಸುತ್ತದೆ, ಆದರೆ ಫಂಡ್‌ನ ಖಾತೆಗೆ ಆ ಹಣ ಬರುವುದು ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ.

ಟ್ರ್ಯಾಕಿಂಗ್ ಎರರ್ ಎಂಬ ಇನ್ನೊಂದು ಅಂಕಿ ಪಕ್ಕದಲ್ಲೇ ಇರುತ್ತದೆ, ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಎರರ್ ಅಳೆಯುವುದು ವ್ಯತ್ಯಾಸದ ಏರಿಳಿತವನ್ನು ಮಾತ್ರ. ಪ್ರತಿದಿನವೂ ತಪ್ಪದೆ ಅಷ್ಟಷ್ಟೇ ಹಿಂದೆ ಬಿದ್ದು, ವರ್ಷಕ್ಕೆ ಶೇ 1 ಕಳೆದುಕೊಳ್ಳುವ ಫಂಡ್‌ನ ಟ್ರ್ಯಾಕಿಂಗ್ ಎರರ್ ಸೊನ್ನೆಗೆ ಹತ್ತಿರವೇ ಇರುತ್ತದೆ. ನಿಮ್ಮ ಜೇಬಿನಿಂದ ಎಷ್ಟು ಹೋಯಿತು ಎಂದು ಹೇಳುವುದು ಡಿಫರೆನ್ಸ್. 2022ರ ಮೇ ತಿಂಗಳ ಸೆಬಿ ಸುತ್ತೋಲೆಯ ಪ್ರಕಾರ ಫಂಡ್ ಕಂಪನಿಗಳು ಇದನ್ನು ಪ್ರತಿ ತಿಂಗಳೂ ತಮ್ಮ ಜಾಲತಾಣದಲ್ಲಿ ಮತ್ತು ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ಪ್ರಕಟಿಸಬೇಕು. 1, 3, 5, 10 ವರ್ಷಗಳ ಅಂಕಿಗಳು ಪ್ರತ್ಯೇಕವಾಗಿ ಸಿಗುತ್ತವೆ. ಹೋಲಿಸುವಾಗ ಸೂಚ್ಯಂಕ ಒಂದೇ ಇರಲಿ, ಅವಧಿ ಒಂದೇ ಇರಲಿ, ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್ ಅಂಕಿಯನ್ನೇ ತೆಗೆದುಕೊಳ್ಳಿ. ರೆಗ್ಯುಲರ್ ಪ್ಲಾನ್‌ನಲ್ಲಿ ಏಜೆಂಟರ ಕಮಿಷನ್ ಸೇರಿರುತ್ತದೆ. ಇಟಿಎಫ್‌ನಲ್ಲಿ ಡೈರೆಕ್ಟ್, ರೆಗ್ಯುಲರ್ ಎಂಬ ಭೇದವೇ ಇಲ್ಲ.

ಈಗ ಮುಖ್ಯ ವಿಷಯ. ಇಟಿಎಫ್‌ನ ಪ್ರಕಟಿತ ಟ್ರ್ಯಾಕಿಂಗ್ ಡಿಫರೆನ್ಸ್ ಅದರ ಎನ್‌ಎವಿ ಮೇಲೆ ಲೆಕ್ಕ ಹಾಕಿದ್ದು. ನೀವು ಕೊಳ್ಳುವುದಾಗಲಿ ಮಾರುವುದಾಗಲಿ ಎನ್‌ಎವಿಯಲ್ಲಿ ಅಲ್ಲ. ಇಂಡೆಕ್ಸ್ ಫಂಡ್‌ಗೆ ಹೊಸ ಹಣ ಬಂದಾಗ ಫಂಡ್ ಮ್ಯಾನೇಜರ್ ಷೇರು ಕೊಳ್ಳುತ್ತಾನೆ, ಅದರ ಖರ್ಚು ಎಲ್ಲ ಯೂನಿಟ್‌ದಾರರ ಮೇಲೂ ಹಂಚಿಹೋಗಿ ಪ್ರಕಟಿತ ಅಂಕಿಯೊಳಗೇ ಸೇರುತ್ತದೆ. ಇಟಿಎಫ್‌ನಲ್ಲಿ ಒಳಬರುವವನ ಖರ್ಚನ್ನು ಒಳಬರುವವನೇ ಹೊರುತ್ತಾನೆ. ಇದು ಸುಮ್ಮನೆ ಕುಳಿತ ಹಳೆಯ ಯೂನಿಟ್‌ದಾರನಿಗೆ ನ್ಯಾಯವಾದ ವ್ಯವಸ್ಥೆ. ಆದರೆ ಆ ಖರ್ಚು ಯಾವ ಪ್ರಕಟಣೆಯಲ್ಲೂ ಕಾಣುವುದಿಲ್ಲ, ನಿಮ್ಮ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಬೆಲೆಯ ರೂಪದಲ್ಲಿ ಅಡಗಿರುತ್ತದೆ.

ಆ ಖರ್ಚಿನ ಹೆಸರೇ ಬಿಡ್-ಆಸ್ಕ್ ಅಂತರ. ಕೊಳ್ಳಲು ಕಾದಿರುವವರು ಕೊಡಲು ಸಿದ್ಧವಿರುವ ಅತಿ ಹೆಚ್ಚಿನ ಬೆಲೆ ಬಿಡ್. ಮಾರಲು ಕಾದಿರುವವರು ಕೇಳುತ್ತಿರುವ ಅತಿ ಕಡಿಮೆ ಬೆಲೆ ಆಸ್ಕ್. ವಹಿವಾಟು ತೆಳುವಾಗಿರುವ ಒಂದು ಇಟಿಎಫ್ ಇದೆ ಎಂದುಕೊಳ್ಳೋಣ. ಅದರೊಳಗಿನ ಷೇರುಗಳ ಆ ಕ್ಷಣದ ಮೌಲ್ಯ, ಅಂದರೆ ಐ-ಎನ್‌ಎವಿ, 250 ರೂಪಾಯಿ. ಪರದೆಯಲ್ಲಿ ಬಿಡ್ 248.90, ಆಸ್ಕ್ 251.20. ಈಗಲೇ ಕೊಂಡು ಈಗಲೇ ಮಾರಿದರೆ ಯೂನಿಟ್‌ಗೆ 2.30 ರೂಪಾಯಿ, ಸುಮಾರು ಶೇ 0.92, ಹೋಯಿತು. ಒಂದು ಲಕ್ಷಕ್ಕೆ 920 ರೂಪಾಯಿ.

ಇದನ್ನು ವಾರ್ಷಿಕ ಉಳಿತಾಯದ ಪಕ್ಕದಲ್ಲಿಟ್ಟು ನೋಡಿ. ಇಂಡೆಕ್ಸ್ ಫಂಡ್‌ನ ಟ್ರ್ಯಾಕಿಂಗ್ ಡಿಫರೆನ್ಸ್ ಶೇ 0.25, ಇಟಿಎಫ್‌ನದು ಶೇ 0.08 ಎಂದಿಟ್ಟುಕೊಂಡರೆ ಲಕ್ಷಕ್ಕೆ ವರ್ಷಕ್ಕೆ ಉಳಿಯುವುದು 170 ರೂಪಾಯಿ. ಅಂತರದಲ್ಲಿ ಹೋದ 920 ರೂಪಾಯಿ ಮರಳಿ ಬರಲು ಐದು ವರ್ಷಕ್ಕಿಂತ ಹೆಚ್ಚು ಬೇಕು. ತಿಂಗಳು ತಿಂಗಳು ಕೊಳ್ಳುವವರಿಗೆ ಪ್ರತಿ ಕಂತಿಗೂ ಹೊಸದಾಗಿ ಐದು ವರ್ಷ. ಅದೇ ಜೋರಾಗಿ ವಹಿವಾಟಾಗುವ ಇಟಿಎಫ್‌ನಲ್ಲಿ ಬಿಡ್ 279.98, ಆಸ್ಕ್ 280.02 ಇದ್ದರೆ ಅಂತರ ನಾಲ್ಕು ಪೈಸೆ, ಲಕ್ಷಕ್ಕೆ ಸುಮಾರು 14 ರೂಪಾಯಿ. ಅದು ಒಂದೇ ತಿಂಗಳ ಉಳಿತಾಯದಲ್ಲಿ ತೀರಿಹೋಗುತ್ತದೆ. ಎರಡೂ ಒಂದೇ ಸೂಚ್ಯಂಕದ ಇಟಿಎಫ್‌ಗಳಾಗಿರಬಹುದು, ವೆಚ್ಚ ಅನುಪಾತವೂ ಒಂದೇ ಇರಬಹುದು.

ಯೂನಿಟ್‌ನ ಬೆಲೆ ತೀರಾ ಸಣ್ಣದಿದ್ದರೂ ಒಂದು ತೊಂದರೆ ಇದೆ. ಬೆಲೆ ಒಂದು ಪೈಸೆಗಿಂತ ಕಡಿಮೆ ಹೆಜ್ಜೆ ಇಡಲಾರದು. 10 ರೂಪಾಯಿಯ ಯೂನಿಟ್‌ಗೆ ಒಂದು ಪೈಸೆ ಎಂದರೆ ಶೇ 0.10. ಎಷ್ಟೇ ಚೆನ್ನಾಗಿ ವಹಿವಾಟಾದರೂ ಅಂತರ ಅದಕ್ಕಿಂತ ಇಳಿಯುವುದಿಲ್ಲ. ‘ಕಡಿಮೆ ಬೆಲೆಯ ಯೂನಿಟ್, ಹೆಚ್ಚು ಯೂನಿಟ್ ಸಿಗುತ್ತದೆ’ ಎಂಬ ಪ್ರಚಾರದಲ್ಲಿ ಈ ಮಾತು ಬರುವುದಿಲ್ಲ.

ಇನ್ನು ಆಳ. ಪರದೆಯ ಮೊದಲ ಸಾಲಿನ ಬೆಲೆ ಎಲ್ಲ ಯೂನಿಟ್‌ಗಳಿಗೂ ಅನ್ವಯಿಸುವುದಿಲ್ಲ. ಮೇಲಿನ ತೆಳು ಇಟಿಎಫ್‌ನಲ್ಲಿ ಮಾರುವವರ ಸಾಲು ಹೀಗಿದೆ ಎಂದಿಟ್ಟುಕೊಳ್ಳಿ: 251.20ಕ್ಕೆ 150 ಯೂನಿಟ್, 251.60ಕ್ಕೆ 300, 252.50ಕ್ಕೆ 1,000, ಆಮೇಲೆ 254ಕ್ಕೆ 5,000. ಒಬ್ಬರು 2,000 ಯೂನಿಟ್‌ಗೆ ಮಾರ್ಕೆಟ್ ಆರ್ಡರ್, ಅಂದರೆ ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್, ಹಾಕುತ್ತಾರೆ. ಮೊದಲ ಮೂರು ಸಾಲು ಬರಿದಾಗಿ ಕೊನೆಯ 550 ಯೂನಿಟ್ 254 ರೂಪಾಯಿಗೆ ಬೀಳುತ್ತದೆ. ಒಟ್ಟು 5,05,360 ರೂಪಾಯಿ, ಸರಾಸರಿ 252.68. ಒಳಗಿನ ಮೌಲ್ಯ 5,00,000 ಮಾತ್ರ. ಒಂದು ಗುಂಡಿ ಒತ್ತಿದ್ದಕ್ಕೆ 5,360 ರೂಪಾಯಿ. ಆರ್ಡರ್ ಪೂರ್ತಿಯಾಗಿದೆ ಎಂದಷ್ಟೇ ಆ್ಯಪ್ ತೋರಿಸುತ್ತದೆ, ನಷ್ಟ ಎಲ್ಲೂ ನಮೂದಾಗುವುದಿಲ್ಲ. ಇಟಿಎಫ್‌ನಲ್ಲಿ ಮಾರ್ಕೆಟ್ ಆರ್ಡರ್ ಹಾಕಲೇಬಾರದು ಎಂದು ಇಷ್ಟು ಖಚಿತವಾಗಿ ಹೇಳಲು ಇದೇ ಕಾರಣ.

ಈ ಅಂತರವನ್ನು ಕಿರಿದಾಗಿ ಇಡುವ ಕೆಲಸ ಮಾರ್ಕೆಟ್ ಮೇಕರ್‌ಗಳದು. ಪ್ರತಿ ಇಟಿಎಫ್‌ಗೂ ಕನಿಷ್ಠ ಇಬ್ಬರನ್ನು ನೇಮಿಸಬೇಕೆಂದು ಸೆಬಿ ವಿಧಿಸಿದೆ. ಅವರು ಫಂಡ್ ಕಂಪನಿಗೆ ಷೇರುಗಳ ಬುಟ್ಟಿ ಅಥವಾ ಹಣ ಕೊಟ್ಟು ದೊಡ್ಡ ಗಂಟಿನಲ್ಲಿ ಹೊಸ ಯೂನಿಟ್ ಪಡೆಯಬಲ್ಲರು, ಯೂನಿಟ್ ಕೊಟ್ಟು ವಾಪಸ್ ಪಡೆಯಲೂಬಲ್ಲರು. ಇಟಿಎಫ್ ಬೆಲೆ ಐ-ಎನ್‌ಎವಿಗಿಂತ ಮೇಲೇರಿದರೆ ಹೊಸ ಯೂನಿಟ್ ಮಾಡಿಸಿ ಮಾರುತ್ತಾರೆ, ಕೆಳಗಿಳಿದರೆ ಕೊಂಡು ಕರಗಿಸುತ್ತಾರೆ. ಒಳಗಿನ ಷೇರುಗಳನ್ನು ಕೊಳ್ಳುವುದು ಅವರಿಗೆ ಎಷ್ಟು ದುಬಾರಿಯೋ, ಎಷ್ಟು ಅಪಾಯವೋ ಅಷ್ಟು ಅಂತರವನ್ನು ನಿಮ್ಮ ಮುಂದಿಡುತ್ತಾರೆ. ಆದ್ದರಿಂದಲೇ ನಿಫ್ಟಿ 50ಕ್ಕಿಂತ ಸ್ಮಾಲ್‌ಕ್ಯಾಪ್ ಇಟಿಎಫ್‌ನಲ್ಲಿ ಅಂತರ ದೊಡ್ಡದು. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದ ಮೊದಲ ಕಾಲು ಗಂಟೆಯಲ್ಲಿ, ಮುಚ್ಚುವ ಕೊನೆಯ ನಿಮಿಷಗಳಲ್ಲಿ, ಸೂಚ್ಯಂಕ ಹಠಾತ್ತನೆ ಕುಸಿಯುತ್ತಿರುವ ದಿನಗಳಲ್ಲಿ ಅದು ಹಿಗ್ಗುತ್ತದೆ.

ಫಂಡ್‌ನ ಗಾತ್ರ ನೋಡಿ ಮೋಸಹೋಗಬೇಡಿ. ನೌಕರರ ಭವಿಷ್ಯ ನಿಧಿ ಸಂಸ್ಥೆ 2015ರಿಂದ ಇಟಿಎಫ್‌ಗಳಲ್ಲಿ ಹಣ ತೊಡಗಿಸುತ್ತಿದೆ. ಅಂಥ ದೊಡ್ಡ ಹಣ ಫಂಡ್ ಕಂಪನಿಗೇ ನೇರವಾಗಿ ಹೋಗಬಲ್ಲದು, ಷೇರು ಪೇಟೆಯ ಪರದೆಗೆ ಬರಬೇಕಾಗಿಲ್ಲ. ಎಸ್‌ಬಿಐ ನಿಫ್ಟಿ 50 ಇಟಿಎಫ್ ಗಾತ್ರದಲ್ಲಿ ದೇಶದ ಅತಿ ದೊಡ್ಡದಾಗಿದ್ದರೂ, 2001ರಲ್ಲಿ ಭಾರತದ ಮೊದಲ ಇಟಿಎಫ್ ಆಗಿ ಬಂದ ನಿಫ್ಟಿ ಬೀಸ್‌ನಲ್ಲಿ (ಪರದೆಯಲ್ಲಿ NIFTYBEES) ಸಣ್ಣ ಹೂಡಿಕೆದಾರರ ದಿನನಿತ್ಯದ ವಹಿವಾಟು ಹೆಚ್ಚು ನಡೆಯುತ್ತದೆ. ನೋಡಬೇಕಾದದ್ದು ಮಾರ್ಕೆಟ್ ಡೆಪ್ತ್ ಕಿಟಕಿ. ನಾಲ್ಕೈದು ಬೇರೆ ಬೇರೆ ದಿನ ಮಧ್ಯಾಹ್ನ ಅದನ್ನು ತೆರೆದು, ನೀವು ಕೊಳ್ಳಬೇಕೆಂದಿರುವ ಯೂನಿಟ್‌ಗಳು ಐ-ಎನ್‌ಎವಿಗೆ ಶೇ 0.1ರ ಒಳಗೆ ಸಿಗುತ್ತವೆಯೇ ಎಂದು ನೋಡಿ. ಸಿಗದಿದ್ದರೆ ಆ ಇಟಿಎಫ್ ನಿಮಗಲ್ಲ.

ಕೊಳ್ಳುವ ಕ್ರಮ ಸರಳ. ಫಂಡ್ ಕಂಪನಿಯ ಅಥವಾ ಎನ್‌ಎಸ್‌ಇ ಜಾಲತಾಣದಲ್ಲಿ ಐ-ಎನ್‌ಎವಿ ನೋಡಿ. ಷೇರು ಇಟಿಎಫ್‌ಗಳಲ್ಲಿ ಅದು 15 ಸೆಕೆಂಡಿಗಿಂತ ಹಳೆಯದಾಗಿರಬಾರದೆಂಬ ನಿಯಮವಿದೆ. ಹಿಂದಿನ ದಿನದ ಎನ್‌ಎವಿಯನ್ನು ಇಂದಿನ ಬೆಲೆಗೆ ಹೋಲಿಸುವುದು ವ್ಯರ್ಥ. 250 ಐ-ಎನ್‌ಎವಿ ಇದ್ದರೆ 250.20ಕ್ಕೆ ಲಿಮಿಟ್ ಆರ್ಡರ್, ಅಂದರೆ ಅದಕ್ಕಿಂತ ಹೆಚ್ಚು ಕೊಡುವುದಿಲ್ಲವೆಂಬ ಆರ್ಡರ್, ಹಾಕಿ, ಆಸ್ಕ್ 251.20 ಎಂದು ಕಂಡರೂ ಸರಿ. ಮಾರ್ಕೆಟ್ ಮೇಕರ್‌ನ ಗಣಕಕ್ಕೆ ಆ ಬೆಲೆಯಲ್ಲಿ ಲಾಭ ಕಂಡರೆ ಬಹಳ ಸಲ ಕೆಲವೇ ನಿಮಿಷಗಳಲ್ಲಿ ಆರ್ಡರ್ ತುಂಬುತ್ತದೆ. ತುಂಬದಿದ್ದರೆ ಐ-ಎನ್‌ಎವಿ ಮತ್ತೆ ನೋಡಿ ಐದು ಹತ್ತು ಪೈಸೆ ಸರಿಸಿ. ದೊಡ್ಡ ಮೊತ್ತವನ್ನು ಮೂರು ನಾಲ್ಕು ತುಂಡು ಮಾಡಿ. ಒಂದೇ ಎಚ್ಚರಿಕೆ, ನಿಮ್ಮ ಬ್ರೋಕರ್ ಪ್ರತಿ ಆರ್ಡರ್‌ಗೂ ಇಷ್ಟೆಂದು ದಲ್ಲಾಳಿ ಶುಲ್ಕ ತೆಗೆದುಕೊಳ್ಳುವವರಾದರೆ ತುಂಡುಗಳು ದುಬಾರಿಯಾಗುತ್ತವೆ.

ಕೆಲವೊಮ್ಮೆ ಅಂತರ ಕಿರಿದಾಗಿದ್ದರೂ ಬೆಲೆ ತಪ್ಪಾಗಿರುತ್ತದೆ. ವಿದೇಶಿ ಹೂಡಿಕೆಗೆ ಮ್ಯೂಚುಯಲ್ ಫಂಡ್ ಉದ್ಯಮಕ್ಕಿರುವ ಮಿತಿ ತುಂಬಿದ್ದರಿಂದ ನ್ಯಾಸ್‌ಡಾಕ್ 100ರಂಥ ಸೂಚ್ಯಂಕದ ಭಾರತೀಯ ಇಟಿಎಫ್‌ಗಳಲ್ಲಿ ಹೊಸ ಯೂನಿಟ್ ಸೃಷ್ಟಿ ನಿಂತುಹೋಯಿತು. ಮಾರ್ಕೆಟ್ ಮೇಕರ್‌ನ ಒಂದು ಕೈ ಕಟ್ಟಿದಂತಾಯಿತು. ಬೇಡಿಕೆ ಹೆಚ್ಚಿದಾಗ ಬೆಲೆ ಎನ್‌ಎವಿಗಿಂತ ಶೇ 10ಕ್ಕೂ ಮೇಲೆ ಹೋದದ್ದುಂಟು. ಬಿಡ್ ಮತ್ತು ಆಸ್ಕ್ ಎರಡೂ ಅಲ್ಲೇ ಪಕ್ಕಪಕ್ಕದಲ್ಲಿ ನಿಂತಿರುತ್ತವೆ, ಅಂತರ ಮಾತ್ರ ನೋಡಿದವನಿಗೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. 2025ರ ಅಕ್ಟೋಬರಿನಲ್ಲಿ ಬೆಳ್ಳಿ ಇಟಿಎಫ್‌ಗಳಲ್ಲಿ ಬೆಲೆ ಹೀಗೆ ಉಬ್ಬಿದಾಗ ಹಲವು ಫಂಡ್ ಕಂಪನಿಗಳು ಆ ಇಟಿಎಫ್‌ಗಳಲ್ಲೇ ಹಣ ತೊಡಗಿಸುವ ತಮ್ಮ ಬೆಳ್ಳಿ ಫಂಡ್ ಆಫ್ ಫಂಡ್‌ಗಳಿಗೆ ಒಂದೇ ಗಂಟಿನ ಹಣ ಸ್ವೀಕರಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದವು. ಉಬ್ಬಿದ ಬೆಲೆಗೆ ಕೊಂಡವನು ಸೂಚ್ಯಂಕ ಒಂದಿಂಚು ಇಳಿಯದಿದ್ದರೂ ನಷ್ಟ ಕಾಣಬಹುದು. ಐ-ಎನ್‌ಎವಿ ನೋಡದೆ ಕೊಳ್ಳಬಾರದು ಎಂಬುದು ಇಲ್ಲಿ ಎರಡು ಪಟ್ಟು ನಿಜ.

ಡಿಮ್ಯಾಟ್ ಖಾತೆಯಲ್ಲಿ ಏನೇನು ನಡೆಯುತ್ತದೆ

10,000 ರೂಪಾಯಿಯ ತಿಂಗಳ ಕಂತು ತೆಗೆದುಕೊಳ್ಳಿ. 280.02ರ ದರದಲ್ಲಿ 35 ಯೂನಿಟ್ ಬರುತ್ತದೆ, 9,800.70 ರೂಪಾಯಿ. ಉಳಿದ 199.30 ರೂಪಾಯಿ ಬ್ರೋಕರ್ ಖಾತೆಯಲ್ಲಿ ಉಳಿಯುತ್ತದೆ, ಏಕೆಂದರೆ ಪೇಟೆಯಲ್ಲಿ ಅರ್ಧ ಯೂನಿಟ್ ಇಲ್ಲ. ಮುಂದಿನ ತಿಂಗಳಿಗೆ ಅದು ಸೇರುತ್ತದೆ ಎಂದುಕೊಂಡಿರುವಾಗ, ನೀವು ಆರಿಸಿದಂತೆ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬಳಸದ ಹಣವನ್ನು ಬ್ರೋಕರ್ ನಿಮ್ಮ ಬ್ಯಾಂಕಿಗೆ ಮರಳಿಸಬೇಕೆಂಬ ನಿಯಮದಂತೆ ವಾಪಸ್ ಹೋಗಿರಬಹುದು. ಆ ದಿನವೇ ಕಂತಿನ ಆರ್ಡರ್ ಇದ್ದರೆ ಹಣ ಸಾಲದೆ ತಿರಸ್ಕೃತವಾಗುತ್ತದೆ. ಇಂಡೆಕ್ಸ್ ಫಂಡ್ ಮೂರು ದಶಮಾಂಶದವರೆಗೆ ಯೂನಿಟ್ ಕೊಡುವುದರಿಂದ ಹತ್ತು ಸಾವಿರವೂ ಅದೇ ದಿನ ಕೆಲಸಕ್ಕೆ ಹತ್ತುತ್ತದೆ. ಹಣ ಮಧ್ಯಾಹ್ನ 3 ಗಂಟೆಯೊಳಗೆ ಫಂಡ್‌ನ ಖಾತೆಗೆ ತಲುಪಿರಬೇಕು, ಅಷ್ಟೇ.

ಕೊಂಡ ಇಟಿಎಫ್ ಮರುದಿನ ಡಿಮ್ಯಾಟ್‌ಗೆ ಬರುತ್ತದೆ. ಬರುವ ಮೊದಲೇ ಮಾರುವ ಸೌಲಭ್ಯವನ್ನು ಅನೇಕ ಆ್ಯಪ್‌ಗಳು ಕೊಡುತ್ತವೆ. ತೆಳು ಇಟಿಎಫ್‌ನಲ್ಲಿ ಅದನ್ನು ಮುಟ್ಟಬೇಡಿ. ನಿಮಗೆ ಮಾರಿದವನು ಯೂನಿಟ್ ಕೊಡದೆ ಕೈಯೆತ್ತಿದರೆ ನೀವೂ ಕೊಡಲಾರಿರಿ, ವಿಷಯ ಹರಾಜಿಗೆ ಹೋಗುತ್ತದೆ, ವಹಿವಾಟೇ ಇಲ್ಲದ ಕಡೆ ಹರಾಜಿನ ಬೆಲೆ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಮಾರುವಾಗ, ನಿಮ್ಮ ಯೂನಿಟ್‌ಗಳನ್ನು ಕಾಯ್ದಿಡುವ ಡಿಪಾಸಿಟರಿಗೆ ನೀವು ಅನುಮತಿ ಕೊಡಬೇಕು. ಸಿಡಿಎಸ್‌ಎಲ್ ಖಾತೆಯಾದರೆ ಟಿ-ಪಿನ್ ಮತ್ತು ಒಟಿಪಿ ಕೊಡಬೇಕು. ಇಲ್ಲವೇ ಡಿಡಿಪಿಐ ಎಂಬ ಪತ್ರಕ್ಕೆ ಒಮ್ಮೆ ಸಹಿ ಹಾಕಿಟ್ಟರೆ ಪ್ರತಿ ಸಲದ ಪಿನ್ ತಪ್ಪುತ್ತದೆ. ಹಳೆಯ ಪವರ್ ಆಫ್ ಅಟಾರ್ನಿಗಿಂತ ಇದರ ವ್ಯಾಪ್ತಿ ಕಿರಿದು, ಆದ್ದರಿಂದ ಸುರಕ್ಷಿತ. ಮಾರುಕಟ್ಟೆ ಕುಸಿಯುತ್ತಿರುವ ದಿನವೇ ಟಿ-ಪಿನ್ ಮರೆತುಹೋದದ್ದು ಗೊತ್ತಾಗುವುದು ಸಾಮಾನ್ಯ, ವರ್ಷಕ್ಕೊಮ್ಮೆ ಒಂದು ಯೂನಿಟ್ ಮಾರಿ ದಾರಿ ತೆರೆದಿದೆಯೇ ಎಂದು ನೋಡಿಕೊಳ್ಳಬಹುದು. ಮಾರಿದ ಪ್ರತಿ ದಿನಕ್ಕೆ ಪ್ರತಿ ಇಟಿಎಫ್‌ಗೆ, ಯೂನಿಟ್ ಡಿಮ್ಯಾಟ್‌ನಿಂದ ಹೊರಹೋಗುವುದಕ್ಕಾಗಿ ಡಿಪಿ ಶುಲ್ಕ ಬೀಳುತ್ತದೆ. ಯೂನಿಟ್ ಒಂದಾದರೂ ಸಾವಿರವಾದರೂ ಅದು ಒಂದೇ. 20 ರೂಪಾಯಿ ಎಂದಿಟ್ಟುಕೊಂಡರೆ 10 ಲಕ್ಷ ಒಮ್ಮೆಗೇ ಮಾರಿದವನಿಗೆ ಅದು ಲೆಕ್ಕಕ್ಕಿಲ್ಲ. ನಿವೃತ್ತರಾಗಿ ತಿಂಗಳಿಗೆ 10,000 ತೆಗೆಯುವವರಿಗೆ ಪ್ರತಿ ಸಲ ಶೇ 0.2 ಹೋಗುತ್ತದೆ. ಅಂಥವರಿಗೆ ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳ ಹಿಂಪಡೆತ ಹೊಂದಿಸುವುದೇ ಸರಿ. ಆ ಫಂಡ್ ಯೂನಿಟ್‌ಗಳೂ ಡಿಮ್ಯಾಟ್‌ನಲ್ಲಿದ್ದರೆ ಕೆಲವು ಬ್ರೋಕರ್‌ಗಳು ಡಿಪಿ ಶುಲ್ಕ ಹಾಕುತ್ತಾರೆ, ಆದ್ದರಿಂದ ಫಂಡ್ ಕಂಪನಿಯ ಫೋಲಿಯೊದಲ್ಲೇ ಇಡುವುದು ಒಳ್ಳೆಯದು.

ಬ್ರೋಕರ್ ಬದಲಿಸುವಾಗ ಯೂನಿಟ್ ಮಾರಬೇಕಾಗಿಲ್ಲ. ನಿಮ್ಮದೇ ಇನ್ನೊಂದು ಡಿಮ್ಯಾಟ್‌ಗೆ ಸಾಗಿಸಬಹುದು, ಅದಕ್ಕೆ ತೆರಿಗೆ ಇಲ್ಲ. ಆದರೆ ಕೊಂಡ ಬೆಲೆ ಮತ್ತು ದಿನಾಂಕ ಯೂನಿಟ್‌ನ ಜೊತೆ ಸಾಗುವುದಿಲ್ಲ. ಹೊಸ ಆ್ಯಪ್‌ನಲ್ಲಿ ಅದನ್ನು ನೀವೇ ತುಂಬಬೇಕು, ಇಲ್ಲದಿದ್ದರೆ ತೆರಿಗೆ ವರದಿ ತಪ್ಪಾಗುತ್ತದೆ. ಆದ್ದರಿಂದ ಹಳೆಯ ಖಾತೆ ಮುಚ್ಚುವ ಮೊದಲು ಕಾಂಟ್ರ್ಯಾಕ್ಟ್ ನೋಟ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಒಂದು ಇಟಿಎಫ್ ಯೂನಿಟ್ಟನ್ನು ಹತ್ತಾಗಿ ಸೀಳಿದಾಗಲೂ ಒಂದೆರಡು ದಿನ ಆ್ಯಪ್‌ನಲ್ಲಿ ಶೇ 90 ನಷ್ಟ ಕಂಡು ಗಾಬರಿಯಾಗಬಹುದು. ಹೊಸ ಯೂನಿಟ್‌ಗಳು ಜಮೆಯಾಗುವವರೆಗೆ ಸುಮ್ಮನಿರಿ.

ತೆರಿಗೆಯಲ್ಲಿ ಎರಡಕ್ಕೂ ಭೇದವಿಲ್ಲ. ಷೇರು ಸೂಚ್ಯಂಕದ್ದಾದರೆ ಒಂದು ವರ್ಷ ಮೀರಿದ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ವರ್ಷದೊಳಗೆ ಮಾರಿದರೆ ಶೇ 20. ಈಗಾಗಲೇ ಇಂಡೆಕ್ಸ್ ಫಂಡ್‌ನಲ್ಲಿರುವವರು ಇಟಿಎಫ್‌ಗೆ ಹಾರುವ ಮೊದಲು ಇದನ್ನು ನೆನಪಿಡಬೇಕು. 5 ಲಕ್ಷದ ಹೂಡಿಕೆಯಲ್ಲಿ 2 ಲಕ್ಷ ದೀರ್ಘಾವಧಿ ಲಾಭವಿದ್ದರೆ ಒಮ್ಮೆಗೇ ಬದಲಿಸಿದಾಗ ಸೆಸ್ ಸೇರಿ 9,750 ರೂಪಾಯಿ ತೆರಿಗೆ. ಶೇ 0.17ರ ಉಳಿತಾಯ ವರ್ಷಕ್ಕೆ 850. ಆ ತೆರಿಗೆ ಮುಂದೊಂದು ದಿನ ಕಟ್ಟಬೇಕಾಗಿ ಬರಬಹುದಾದದ್ದೇ ಆದರೂ, ಇಷ್ಟು ಬೇಗ ಕೈಬಿಡಲು ಕಾರಣವಿಲ್ಲ. ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಹಣವನ್ನು ಮಾತ್ರ ಇಟಿಎಫ್‌ಗೆ ಹಾಕಬಹುದು, ಅಥವಾ ಪ್ರತಿ ವರ್ಷ 1.25 ಲಕ್ಷದ ಮಿತಿಯೊಳಗೆ ಸ್ವಲ್ಪ ಸ್ವಲ್ಪ ಸರಿಸಬಹುದು.

ನಮ್ಮ ತೀರ್ಮಾನ ಹೀಗೆ. ತಿಂಗಳಿಗೆ ಕೆಲವು ಸಾವಿರ ಹಾಕುವವರು, ಪರದೆ ನೋಡಲು ಹೊತ್ತಿಲ್ಲದವರು ಕಡಿಮೆ ವ್ಯತ್ಯಾಸದ ಇಂಡೆಕ್ಸ್ ಫಂಡ್‌ನ ಡೈರೆಕ್ಟ್ ಪ್ಲಾನ್ ಆರಿಸಲಿ, ಅವರು ಬಿಟ್ಟುಕೊಡುವುದು ಮೇಲಿನ ಲೆಕ್ಕದಂತೆ ಲಕ್ಷಕ್ಕೆ ವರ್ಷಕ್ಕೆ 170 ರೂಪಾಯಿ ಮಾತ್ರ. ದೊಡ್ಡ ಮೊತ್ತವನ್ನು ಹತ್ತಾರು ವರ್ಷ ಮುಟ್ಟದೆ ಇಡುವವರು, ಲಿಮಿಟ್ ಆರ್ಡರ್ ಹಾಕುವ ತಾಳ್ಮೆ ಇರುವವರು, ದಲ್ಲಾಳಿ ಶುಲ್ಕ ಇಲ್ಲದ ಬ್ರೋಕರ್ ಇರುವವರು ಚೆನ್ನಾಗಿ ವಹಿವಾಟಾಗುವ ನಿಫ್ಟಿ ಇಟಿಎಫ್ ಕೊಂಡರೆ ಲಾಭ ನಿಜಕ್ಕೂ ಕೈಗೆ ಬರುತ್ತದೆ. ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್, ವಲಯವಾರು ಸೂಚ್ಯಂಕಗಳಲ್ಲಿ ನಾವು ಇಂಡೆಕ್ಸ್ ಫಂಡ್ ಕಡೆಗೇ ವಾಲುತ್ತೇವೆ.

ಈಗಾಗಲೇ ತೆಳು ಇಟಿಎಫ್‌ನಲ್ಲಿ ಸಿಕ್ಕಿಹಾಕಿಕೊಂಡವರಿಗೂ ಒಂದು ಬಾಗಿಲಿದೆ, ಅದು ಅನೇಕರಿಗೆ ತಿಳಿದಿಲ್ಲ. 25 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟನ್ನು ಮಾತ್ರ ಫಂಡ್ ಕಂಪನಿಯೊಂದಿಗೆ ನೇರವಾಗಿ ಮಾಡಬಹುದು ಎಂಬುದು ಸಾಮಾನ್ಯ ನಿಯಮ. ಆದರೆ ಮುಕ್ತಾಯದ ಬೆಲೆ ಸತತ 7 ವಹಿವಾಟು ದಿನ ಆಯಾ ದಿನದ ಎನ್‌ಎವಿಗಿಂತ ಶೇ 1ಕ್ಕಿಂತ ಹೆಚ್ಚು ಕೆಳಗಿದ್ದರೆ, ಅಥವಾ ಸತತ 3 ದಿನ ಪೇಟೆಯಲ್ಲಿ ಯಾವ ದರವೂ ಸಿಗದಿದ್ದರೆ, ಅಥವಾ 7 ದಿನಗಳ ಸರಾಸರಿಯಲ್ಲಿ ಒಟ್ಟು ಬಿಡ್ ಪ್ರಮಾಣ ಒಂದು ಸೃಷ್ಟಿ-ಗಂಟಿನ ಅರ್ಧಕ್ಕಿಂತ ಕಡಿಮೆಯಿದ್ದರೆ, ಸಣ್ಣ ಹೂಡಿಕೆದಾರನೂ ಫಂಡ್ ಕಂಪನಿಗೇ ಯೂನಿಟ್ ಮರಳಿಸಿ ಎನ್‌ಎವಿ ದರದಲ್ಲಿ ಹಣ ಪಡೆಯಬಹುದು, ನಿರ್ಗಮನ ಶುಲ್ಕವಿಲ್ಲ. ಪ್ರತಿದಿನದ ಮುಕ್ತಾಯ ಬೆಲೆಯನ್ನೂ ಎನ್‌ಎವಿಯನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಏಳು ದಿನದ ಅಂಕಿ ಪೂರ್ತಿಯಾದ ಮೇಲೆ, ಮುಂದಿನ ವಹಿವಾಟು ದಿನ ಅದನ್ನು ಲಗತ್ತಿಸಿ ಫಂಡ್ ಕಂಪನಿಗೆ ಬರೆಯಿರಿ, ಅರ್ಜಿ ಮಧ್ಯಾಹ್ನ 3 ಗಂಟೆಯೊಳಗೆ ತಲುಪುವಂತೆ ನೋಡಿಕೊಳ್ಳಿ.